ಗಂಟೆ ಹೊಡೆದ ಮೇಲಿನ ಐದು ನಿಮಿಷ: ಆಟಿಸಂ ಇರುವ ವಿದ್ಯಾರ್ಥಿಯನ್ನು ಒಂದು ಪಾಠದಿಂದ ಗುಂಪು ಚಟುವಟಿಕೆಗೆ ದಾಟಿಸುವ ಬಗೆ

ಗಣಿತದ ಅವಧಿ ಮುಗಿದು ಪರಿಸರ ಅಧ್ಯಯನದ ಗುಂಪು ಚಟುವಟಿಕೆ ಶುರುವಾಗಬೇಕು. ಜಗಲಿಯಲ್ಲಿ ತೂಗುಹಾಕಿದ ಕಬ್ಬಿಣದ ಕಂಬಿಗೆ ಬಡಿದ ಸದ್ದು ಕೇಳುತ್ತಲೇ ಇಪ್ಪತ್ತಾರು ಮಕ್ಕಳು ಪುಸ್ತಕ ಮುಚ್ಚಿ, ಬೆಂಚು ಎಳೆದು, ಒಬ್ಬರ ಮಾತಿನ ಮೇಲೊಬ್ಬರು ಮಾತನಾಡುತ್ತ ಗುಂಪುಗಳಾಗಿ ಕೂರುತ್ತಾರೆ. ಇಪ್ಪತ್ತೇಳನೆಯವನು ಮಾತ್ರ ಲೆಕ್ಕ ಬರೆಯುತ್ತಲೇ ಇರುತ್ತಾನೆ. ಪುಸ್ತಕಕ್ಕೆ ಕೈ ಹಾಕಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ಕೆಲವು ದಿನ ಬೆಂಚಿನ ಅಡಿಗೆ ಸೇರಿಕೊಳ್ಳುತ್ತಾನೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ನಾಲ್ಕನೇ ತರಗತಿಯಲ್ಲಿ ನಾನು ದಿನವೂ ಎದುರಿಸಿದ ಸನ್ನಿವೇಶ ಇದು. ಹುಡುಗನನ್ನು ಇಲ್ಲಿ ಸುಮಂತ ಎಂದು ಕರೆಯುತ್ತೇನೆ, ಅದು ಅವನ ನಿಜವಾದ ಹೆಸರಲ್ಲ. ಆಟಿಸಂ (ಸ್ವಲೀನತೆ) ಇರುವ ಮಗುವನ್ನು ಸಾಮಾನ್ಯ ತರಗತಿಯಲ್ಲಿ ಕಲಿಸುವುದರ ಎಲ್ಲ ಮುಖಗಳನ್ನೂ ಈ ಬರಹದಲ್ಲಿ ಹೇಳಹೊರಟಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ, ಅದರಲ್ಲಿಯೂ ಒಬ್ಬನೇ ಮಾಡುವ ಕೆಲಸದಿಂದ ಗುಂಪಿನ ಕೆಲಸಕ್ಕೆ, ಮಗುವನ್ನು ದಾಟಿಸುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಇಂಥ ಹೊತ್ತಿನಲ್ಲಿ ನಾವು ಸಾಮಾನ್ಯವಾಗಿ ತಿಳಿದುಕೊಳ್ಳುವುದು ಮಗುವಿಗೆ ಮುಂದಿನ ಕೆಲಸ ಇಷ್ಟವಿಲ್ಲ ಎಂದು. ಹಾಗಾಗಿ ಮುಂದಿನ ಕೆಲಸವನ್ನು ಆಕರ್ಷಕವಾಗಿಸಲು, ಪುಸಲಾಯಿಸಲು ತೊಡಗುತ್ತೇವೆ. ಬಹಳ ಸಲ ತೊಡಕು ಇರುವುದು ಅಲ್ಲಲ್ಲ, ಈಗಿನ ಕೆಲಸ ಮುಗಿದಿಲ್ಲ ಎಂಬಲ್ಲಿ. ಆಟಿಸಂ ಇರುವ ಅನೇಕ ಮಕ್ಕಳ ಗಮನ ಒಂದು ಹೊತ್ತಿಗೆ ಒಂದರ ಮೇಲೆ ಗಾಢವಾಗಿ ನಿಲ್ಲುತ್ತದೆ. ಹಾಗೆ ನಿಂತ ಗಮನವನ್ನು ಕಿತ್ತು ಬೇರೆಡೆ ನಾಟುವುದಕ್ಕೆ ಉಳಿದ ಮಕ್ಕಳಿಗಿಂತ ಹೆಚ್ಚು ಸಮಯವೂ ಶ್ರಮವೂ ಬೇಕು. ಅದರ ಮೇಲೆ ಗಂಟೆಯ ಸದ್ದು, ಬೆಂಚು ಎಳೆಯುವ ಸದ್ದು, ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದು, ಮುಂದೆ ಏನಾಗುವುದೆಂದು ತಿಳಿಯದ ಆತಂಕ ಇವೆಲ್ಲ ಒಟ್ಟಿಗೇ ಬಂದು ಬೀಳುತ್ತವೆ. ಗುಂಪು ಕೆಲಸದ ಕಷ್ಟವೂ ಇದರದೇ ಮುಂದುವರಿಕೆ. ಎಲ್ಲಿ ಶುರು, ಎಲ್ಲಿ ಕೊನೆ, ಯಾರು ಯಾವಾಗ ಮಾತನಾಡಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳದ ಕೆಲಸ ಅದು, ಎಂದರೆ ಪ್ರತಿ ಅರ್ಧ ನಿಮಿಷಕ್ಕೊಂದು ಚಿಕ್ಕ ದಾಟುವಿಕೆ ಇರುವ ಕೆಲಸ. ಆದ್ದರಿಂದ ಎರಡಕ್ಕೂ ಒಂದೇ ಕಡೆಯಿಂದ ಕೈಹಚ್ಚಬಹುದು.

ಮೊದಲು ಒಂದು ವಾರ ಬರೀ ಬರೆದಿಡಿ

ಐದು ದಿನ ಏನನ್ನೂ ಬದಲಾಯಿಸದೆ ಬರೆದಿಡುವುದು ಮೊದಲ ಹೆಜ್ಜೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ದಾಟುವಿಕೆಗೂ ಒಂದು ಸಾಲು ಸಾಕು: ಮಗು ಏನು ಮಾಡುತ್ತಿತ್ತು, ಮುಂದೇನು ಇತ್ತು, ನಾನು ಏನು ಹೇಳಿದೆ ಮತ್ತು ಎಷ್ಟು ಸಲ ಹೇಳಿದೆ, ಗಂಟೆ ಹೊಡೆದಾಗಿನಿಂದ ಹೊಸ ಕೆಲಸಕ್ಕೆ ಕೈ ಹಾಕುವವರೆಗೆ ಎಷ್ಟು ನಿಮಿಷವಾಯಿತು. ನನ್ನ ಪುಸ್ತಕದಲ್ಲಿ ಎರಡು ಸಂಗತಿಗಳು ಎದ್ದು ಕಂಡವು. ಸುಮಂತ ಬಿಸಿಯೂಟಕ್ಕೆ ಹೋಗುವಾಗ ಒಂದು ದಿನವೂ ತೊಂದರೆ ಪಟ್ಟಿರಲಿಲ್ಲ. ಹಸಿವು ಇದ್ದದ್ದರಿಂದ ಎಂದು ಮೊದಲು ಅಂದುಕೊಂಡೆ, ಆಮೇಲೆ ಹೊಳೆದದ್ದು ಬೇರೆ: ಊಟಕ್ಕೆ ಮುಂಚಿನ ಅವಧಿ ಕನ್ನಡದ ನಕಲು ಬರಹ, ಹತ್ತು ಸಾಲು ಬರೆದರೆ ಅದು ಮುಗಿಯಿತು. ಗಣಿತಕ್ಕೆ ಮಾತ್ರ ನಾನು ‘ಪುಟ ನಲವತ್ತು ಮಾಡಿ’ ಎಂದಷ್ಟೇ ಹೇಳುತ್ತಿದ್ದೆ, ಆ ಪುಟ ಅವಧಿಯೊಳಗೆ ಎಂದೂ ಮುಗಿಯುತ್ತಿರಲಿಲ್ಲ. ಎರಡನೆಯದು ನನಗೆ ಸ್ವಲ್ಪ ನಾಚಿಕೆ ತಂದ ಸಂಗತಿ. ಒಂದು ದಾಟುವಿಕೆಯಲ್ಲಿ ನಾನು ಅವನಿಗೆ ಒಂಬತ್ತು ಸಲ ಹೇಳಿದ್ದೆ, ಒಂಬತ್ತು ಸಲವೂ ಬೇರೆ ಬೇರೆ ಮಾತುಗಳಲ್ಲಿ.

ಈ ವಾರ ಉಳಿತಾಯದ ವಾರ. ಎಲ್ಲ ದಾಟುವಿಕೆಗಳಿಗೂ ಚಿತ್ರಪಟ್ಟಿ, ಟೈಮರ್, ಬಹುಮಾನ ಎಂದು ಹೊರಟರೆ ಹದಿನೈದು ದಿನಕ್ಕೆ ಶಿಕ್ಷಕರೇ ಸುಸ್ತಾಗುತ್ತಾರೆ. ಬರೆದಿಟ್ಟದ್ದನ್ನು ನೋಡಿ ದಿನದಲ್ಲಿ ಅತ್ಯಂತ ಕಠಿಣವಾದ ಒಂದೇ ಒಂದನ್ನು ಆರಿಸಿಕೊಳ್ಳಿ. ನಾನು ಆರಿಸಿಕೊಂಡದ್ದು ಗಣಿತದಿಂದ ಗುಂಪು ಕೆಲಸಕ್ಕೆ ಹೋಗುವುದನ್ನು. ಸುಮಂತನ ಗುಂಪಿಗೆ ಕೊಟ್ಟ ಕೆಲಸ ದಿನದ ಮಳೆ ಅಳೆದು ಬರೆದಿಡುವುದು.

ಮುಗಿಸುವುದನ್ನು ಕಣ್ಣಿಗೆ ಕಾಣಿಸಿ

ಅವಧಿಯ ಆರಂಭದಲ್ಲೇ ಮಗುವಿನ ಪುಸ್ತಕದಲ್ಲಿ ಆ ದಿನದ ಲೆಕ್ಕಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿ. ಐದು ಲೆಕ್ಕ ಎಂದರೆ ಐದು ಸುತ್ತು, ಐದನೆಯದರ ಕೆಳಗೆ ಒಂದು ದಪ್ಪ ಗೆರೆ. ಗೆರೆ ಬಂತೆಂದರೆ ಕೆಲಸ ಮುಗಿಯಿತು, ಪುಸ್ತಕ ಬೆಂಚಿನ ಎಡಗಡೆಯ ತಟ್ಟೆಗೆ ಹೋಗುತ್ತದೆ. ಸಂಖ್ಯೆಯನ್ನು ಅವಧಿಗಿಂತ ಐದಾರು ನಿಮಿಷ ಮೊದಲೇ ಮುಗಿಯುವಷ್ಟು ಇಟ್ಟುಕೊಳ್ಳಬೇಕು, ಏಕೆಂದರೆ ಗಂಟೆ ಹೊಡೆಯುವಾಗ ಅವನ ಕೈ ಖಾಲಿ ಇರಬೇಕು ಎಂಬುದೇ ಇದರ ಗುಟ್ಟು.

ಎಷ್ಟು ಲೆಕ್ಕ ಹಾಕಿದರೂ ಕೆಲವು ದಿನ ಉಳಿಯುತ್ತದೆ. ಅದಕ್ಕಾಗಿ ಒಂದು ರಟ್ಟಿನ ಫೈಲಿನ ಮೇಲೆ ‘ಉಳಿದದ್ದು’ ಎಂದು ಬರೆದು ಬೆಂಚಿನಲ್ಲಿಟ್ಟೆ. ಅರ್ಧ ಉಳಿದ ಲೆಕ್ಕ ಅದರೊಳಗೆ ಹೋಗುವಾಗ ಒಂದು ಚೀಟಿಯನ್ನು ಅವನ ಕೈಯಲ್ಲೇ ಬರೆಸಬೇಕು: ‘3ನೇ ಲೆಕ್ಕ, ನಾಳೆ ಗಣಿತದ ಅವಧಿಯಲ್ಲಿ ಮೊದಲು.’ ಮರುದಿನ ಗಣಿತದ ಅವಧಿ ಆ ಫೈಲು ತೆರೆಯುವುದರಿಂದಲೇ ಶುರುವಾಗಬೇಕು. ನಾಲ್ಕನೇ ದಿನ ಗಡಿಬಿಡಿಯಲ್ಲಿ ನಾನು ಅದನ್ನು ಮರೆತೆ, ಐದನೇ ದಿನ ಅವನು ಫೈಲಿಗೆ ಏನನ್ನೂ ಹಾಕಲೊಪ್ಪಲಿಲ್ಲ. ಅವನ ಕಡೆಯಿಂದ ನೋಡಿದರೆ ಅದು ಸರಿಯಾದ ಲೆಕ್ಕಾಚಾರವೇ. ಇಟ್ಟದ್ದು ಮರಳಿ ಬರುವುದಿಲ್ಲವಾದರೆ ಯಾರು ಇಡುತ್ತಾರೆ?

ಚೀಟಿಗಳ ಪಟ್ಟಿ

ದಿನದ ಕೆಲಸಗಳನ್ನು ಕ್ರಮವಾಗಿ ತೋರಿಸುವ ಪಟ್ಟಿಯ ಬಗ್ಗೆ ಬಹಳ ಮಂದಿ ಕೇಳಿರುತ್ತಾರೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಮತ್ತು ಸಂಗಡಿಗರು ರೂಪಿಸಿದ ಟೀಚ್ ಪದ್ಧತಿಯಲ್ಲಿ ಇಂಥ ಪಟ್ಟಿಗೆ ಮುಖ್ಯ ಸ್ಥಾನವಿದೆ. ಗೋಡೆಗೆ ಅಂಟಿಸಿದ ಇಡೀ ತರಗತಿಯ ವೇಳಾಪಟ್ಟಿ ಈ ಕೆಲಸಕ್ಕೆ ಬರುವುದಿಲ್ಲ. ಪಟ್ಟಿ ಮಗುವಿನ ಬೆಂಚಿನ ಮೇಲೆ, ಅವನ ಕೈಗೆ ಸಿಗುವಂತಿರಬೇಕು ಮತ್ತು ಮುಗಿದ ಚೀಟಿಯನ್ನು ಅವನೇ ತೆಗೆದು ಡಬ್ಬಕ್ಕೆ ಹಾಕಬೇಕು. ತೆಗೆಯುವ ಆ ಕ್ರಿಯೆಯೇ ದಾಟುವಿಕೆ. ಚೀಟಿ ತೆಗೆಯದ ಪಟ್ಟಿ ಗೋಡೆಯ ಕ್ಯಾಲೆಂಡರಿನಷ್ಟೇ ಉಪಯೋಗಿ.

ಚೀಟಿಯಲ್ಲಿ ಏನಿರಬೇಕು ಎಂಬುದು ಮಗುವಿನ ಮೇಲೆ ಹೋಗುತ್ತದೆ. ಸುಮಂತ ಸರಾಗವಾಗಿ ಓದುತ್ತಿದ್ದ, ಹಾಗಾಗಿ ಅಕ್ಷರ ಸಾಕಾಯಿತು. ಓದಲು ಬಾರದ ಮಗುವಿಗೆ ನಿಮ್ಮದೇ ತರಗತಿಯ ವಸ್ತುಗಳ ಫೋಟೊ ಬೇಕು. ಚಿತ್ರವನ್ನೂ ಗುರುತಿಸದ ಮಗುವಿಗೆ ವಸ್ತುವನ್ನೇ ಕೊಡಬೇಕು, ಊಟಕ್ಕೆ ಚಮಚ, ಆಟಕ್ಕೆ ಚೆಂಡು ಎನ್ನುವ ಹಾಗೆ. ಒಮ್ಮೆಗೆ ನಾಲ್ಕೈದು ಚೀಟಿಗಿಂತ ಹೆಚ್ಚು ಬೇಡ, ಬೆಳಗಿನದು ಮುಗಿದ ಮೇಲೆ ಮಧ್ಯಾಹ್ನದ್ದನ್ನು ಹಾಕಿದರಾಯಿತು. ಇಡೀ ದಿನದ ಪಟ್ಟಿಯೇ ಭಾರವಾಗುವ ಮಗುವಿಗೆ ‘ಮೊದಲು ಇದು, ಆಮೇಲೆ ಅದು’ ಎಂಬ ಎರಡು ಚೀಟಿಗಳ ಹಲಗೆ ಸಾಕು.

ನಮ್ಮ ಮಲೆನಾಡಿನವರಿಗೆ ಮಾತ್ರ ಅನ್ವಯಿಸುವ ಒಂದು ಮಾತು. ಜೂನ್ ತಿಂಗಳಲ್ಲಿ ಅಂಟಿಸಿದ ಯಾವ ಕಾಗದವೂ ಜುಲೈ ಕಾಣುವುದಿಲ್ಲ. ಸೆಲೊಟೇಪು ಬಿಡುತ್ತದೆ, ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಮೊದಲ ಸಲ ಮಾಡಿದ ಪಟ್ಟಿ ಹಾಳಾದ ಮೇಲೆ ನಾನು ಲ್ಯಾಮಿನೇಷನ್ ಮಾಡಿಸಿದ ಚೀಟಿಗಳನ್ನು ಒಂದು ದಾರಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದೆ. ಕ್ಲಿಪ್ಪು ಒತ್ತಿ ತೆಗೆಯುವ ಕೆಲಸ ಅವನ ಬೆರಳುಗಳಿಗೂ ಹಿಡಿಸಿತು. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಕ್ರಮವೇ ಬೇರೆ, ಅದಕ್ಕೆ ಹಳದಿ ಬಣ್ಣದ ಬೇರೆ ಚೀಟಿಗಳನ್ನು ಮಾಡಬೇಕು.

ಮುನ್ಸೂಚನೆ ಮತ್ತು ಹತ್ತು ಸೆಕೆಂಡಿನ ಮೌನ

‘ಇನ್ನು ಐದು ನಿಮಿಷ’ ಎಂಬ ಎಚ್ಚರಿಕೆ ನಿಮಿಷ ಎಂದರೇನೆಂದು ಅಂದಾಜಿರುವ ಮಗುವಿಗೆ ಮಾತ್ರ ಎಚ್ಚರಿಕೆ. ಅದರ ಬದಲು ‘ಇನ್ನು ಎರಡು ಲೆಕ್ಕ, ಆಮೇಲೆ ಮಳೆ ಅಳೆಯುವುದು’ ಎಂದು ಕೆಲಸದ ಎಣಿಕೆಯಲ್ಲೇ ಹೇಳಿದರೆ ಕೊನೆ ಎಲ್ಲಿದೆ ಎಂದು ಅವನಿಗೆ ಕಾಣುತ್ತದೆ. ದೂರದ ಕರಿಹಲಗೆಯ ಬಳಿಯಿಂದ ಕೂಗಿ ಹೇಳಬಾರದು. ಹತ್ತಿರ ಹೋಗಿ, ಪಕ್ಕದಲ್ಲಿ ನಿಂತು, ಮುಂದಿನ ಚೀಟಿಯನ್ನು ಬೆರಳಿನಿಂದ ತೋರಿಸಿ ಒಂದೇ ವಾಕ್ಯ ಹೇಳಿ. ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ.

ಈ ಹತ್ತು ಸೆಕೆಂಡು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ತರಗತಿಯ ಗದ್ದಲದಲ್ಲಿ ಹತ್ತು ಸೆಕೆಂಡು ಸುಮ್ಮನಿರುವುದು ಶಿಕ್ಷಕರ ಸ್ವಭಾವಕ್ಕೇ ವಿರುದ್ಧ. ಆದರೆ ಹೇಳಿದ ಮಾತನ್ನು ಅವನು ಒಳಗೆ ಅರಗಿಸಿಕೊಳ್ಳುತ್ತಿರುವಾಗ ‘ಏಳು ಮಗಾ’, ‘ಬೇಗ’, ‘ಎಲ್ಲರೂ ಹೋದರು ನೋಡು’ ಎಂದು ಹೊಸ ಮಾತು ಸೇರಿಸಿದರೆ ಅವನು ಪ್ರತಿ ಸಲವೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಹತ್ತು ಎಣಿಸಿದ ಮೇಲೂ ಏಳದಿದ್ದರೆ ಅದೇ ಮಾತನ್ನು ಅದೇ ಪದಗಳಲ್ಲಿ ಇನ್ನೊಮ್ಮೆ ಹೇಳಿ, ಅಥವಾ ಮಾತೇ ಆಡದೆ ಚೀಟಿಯನ್ನು ಕೈಗೆ ಕೊಡಿ. ಮಾತನ್ನು ಇದ್ದಂತೆಯೇ ಅರ್ಥಮಾಡಿಕೊಳ್ಳುವ ಮಕ್ಕಳಿರುತ್ತಾರೆಂಬುದೂ ನೆನಪಿರಲಿ. ‘ಮಳೆ ಅಳೆಯೋಕೆ ಹೋಗೋಣ್ವಾ?’ ಎಂದು ಕೇಳಿದರೆ ‘ಬೇಡ’ ಎನ್ನುವುದು ಆ ಪ್ರಶ್ನೆಗೆ ನ್ಯಾಯವಾದ ಉತ್ತರ. ಆಯ್ಕೆ ಇಲ್ಲದ ಕಡೆ ಪ್ರಶ್ನೆ ಹಾಕಬೇಡಿ.

ಗಂಟೆಯ ಸದ್ದಿಗೆ ಬೆದರುವ ಮಗುವಿಗೆ ಅದು ಬಡಿಯುವುದಕ್ಕೆ ಮುಂಚೆ ತಿಳಿಯಬೇಕು. ನಮ್ಮಲ್ಲಿ ಗಂಟೆ ಹೊಡೆಯುವ ಏಳನೇ ತರಗತಿಯ ಹುಡುಗ ಜಗಲಿಯಲ್ಲಿ ಹೋಗುವಾಗ ನಮ್ಮ ಕಿಟಕಿಯ ಬಳಿ ಸುತ್ತಿಗೆ ಎತ್ತಿ ತೋರಿಸಿ ಮುಂದೆ ಹೋಗುವಂತೆ ಹೇಳಿದೆವು. ಸುಮಂತ ಅದನ್ನು ನೋಡಿ ಕಿವಿ ಮುಚ್ಚಿಕೊಳ್ಳುತ್ತಿದ್ದ, ಸದ್ದು ನಿಂತ ಮೇಲೆ ಕೈ ತೆಗೆಯುತ್ತಿದ್ದ, ಅಷ್ಟೇ. ಕಿವಿ ಮುಚ್ಚಬೇಡ ಎಂದು ಯಾರೂ ಹೇಳಕೂಡದು.

ಕೈಗೊಂದು ವಸ್ತು, ಕಾಲಿಗೊಂದು ದಾರಿ

ಅಡಿಕೆ ಮರದ ಕಾಲುಸಂಕ ದಾಟುವಾಗ ನಾವು ಹಿಡಿಕೆಗೆಂದು ಕಟ್ಟಿದ ಬಿದಿರಿಗೆ ಕೈ ತಾಗಿಸಿಕೊಂಡೇ ಹೋಗುತ್ತೇವೆ. ದಾಟುವ ಹೊತ್ತಿನಲ್ಲಿ ಕೈಯಲ್ಲಿರುವ ವಸ್ತು ಮಗುವಿಗೆ ಅದೇ ಕೆಲಸ ಮಾಡುತ್ತದೆ, ಆದರೆ ಅದು ಹೋಗುವ ಜಾಗದಲ್ಲಿ ಬೇಕಾಗುವ ವಸ್ತುವೇ ಆಗಿರಬೇಕು. ಸುಮಂತನ ಕೈಗೆ ಗುಂಪಿನ ಮಳೆ ದಾಖಲೆಯ ಪುಸ್ತಕ ಕೊಟ್ಟೆ. ಅದಿಲ್ಲದೆ ಗುಂಪಿನ ಕೆಲಸ ಶುರುವಾಗದು, ಆದ್ದರಿಂದ ಅವನು ಹೋಗಿ ಸೇರುವುದಕ್ಕೆ ಒಂದು ಕಾರಣ ಅವನ ಕೈಯಲ್ಲೇ ಇತ್ತು. ಇಷ್ಟದ ಆಟಿಕೆಯನ್ನು ಕೊಟ್ಟು, ತಲುಪಿದ ಮೇಲೆ ಕಿತ್ತುಕೊಳ್ಳುವುದು ತಪ್ಪು ದಾರಿ, ಅದರಿಂದ ಇನ್ನೊಂದು ದಾಟುವಿಕೆ ಹುಟ್ಟುತ್ತದೆ.

ಅವನನ್ನು ಎಲ್ಲರಿಗಿಂತ ಎರಡು ನಿಮಿಷ ಮೊದಲು ಕಳಿಸಿ. ಗದ್ದಲ ಇಳಿದ ಮೇಲೆ ಕೊನೆಯಲ್ಲಿ ಕಳಿಸುವುದು ಸುಲಭವೆನಿಸುತ್ತದೆ, ಆದರೆ ಆಗ ಅವನು ಈಗಾಗಲೇ ಮಾತು ಶುರುವಾಗಿರುವ ಗುಂಪಿನೊಳಗೆ ನುಗ್ಗಬೇಕಾಗುತ್ತದೆ. ಮೊದಲೇ ಹೋಗಿ ಕೂತರೆ ಉಳಿದವರು ಒಬ್ಬೊಬ್ಬರಾಗಿ ಅವನ ಬಳಿಗೆ ಬರುತ್ತಾರೆ. ಮಳೆಗಾಲದಲ್ಲಿ ಬಾಗಿಲ ಬಳಿ ಕೊಡೆ, ರೇನ್‌ಕೋಟು, ಒದ್ದೆ ಚಪ್ಪಲಿಗಳ ನೂಕುನುಗ್ಗಲು ಇರುವಾಗ ಈ ಎರಡು ನಿಮಿಷದ ಬೆಲೆ ತಿಳಿಯುತ್ತದೆ.

ಮಳೆ ಅಳೆಯುವ ಗುಂಪು: ಒಂದು ಚಟುವಟಿಕೆಯನ್ನು ಬಿಡಿಸಿ ನೋಡುವುದು

ಆಗುಂಬೆ ಇರುವ ತಾಲ್ಲೂಕಿನಲ್ಲಿ ಮಕ್ಕಳಿಗೆ ಮಳೆಗಿಂತ ಹತ್ತಿರದ ಪಾಠ ಇನ್ನೊಂದಿಲ್ಲ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಬುಡಮೇಲಾಗಿ ಆಲಿಕೆಯಂತೆ ಕೂರಿಸಿ, ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಹಾಕಿ, ಆ ನೀರಿನ ಮಟ್ಟದಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಆಲಿಕೆಯ ಬಾಯಿ ಮತ್ತು ಬಾಟಲಿಯ ಅಗಲ ಒಂದೇ ಆಗಿರುವುದರಿಂದ ಏರಿದ ನೀರಿನ ಎತ್ತರವೇ ಬಿದ್ದ ಮಳೆ. ಪ್ರತಿದಿನ ಒಂದೇ ಹೊತ್ತಿಗೆ ಅಳೆದು, ಬರೆದು, ನೀರನ್ನು ಮತ್ತೆ ಸೊನ್ನೆಯ ಗೆರೆಗೆ ಇಳಿಸಬೇಕು.

ಈ ಚಟುವಟಿಕೆ ಆಟಿಸಂ ಇರುವ ಮಗುವಿಗೆ ಹೊಂದುವುದಕ್ಕೆ ಕಾರಣ ಅದರ ಆಕಾರ. ದಿನವೂ ಅದೇ ಕ್ರಮ, ಒಂದು ಸಂಖ್ಯೆ ಸಿಕ್ಕರೆ ಮುಗಿಯಿತು, ಅಷ್ಟಾದರೂ ಸಂಖ್ಯೆ ಮಾತ್ರ ದಿನವೂ ಹೊಸದು. ‘ನಮ್ಮ ಊರಿನ ಬಗ್ಗೆ ಚರ್ಚಿಸಿ’ ಎನ್ನುವಂಥ ಗುಂಪು ಕೆಲಸದಿಂದ ಶುರುಮಾಡಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ.

ಮೊದಲ ವಾರ ಗುಂಪಿನಲ್ಲಿ ಇಬ್ಬರೇ ಇದ್ದರು, ಸುಮಂತ ಮತ್ತು ಒಬ್ಬಳು ಹುಡುಗಿ. ಎರಡನೇ ವಾರ ಮೂರನೆಯವನು ಸೇರಿದ, ಅಲ್ಲಿಗೆ ನಿಲ್ಲಿಸಿದೆವು. ಉಳಿದ ಗುಂಪುಗಳಲ್ಲಿ ಆರು ಮಕ್ಕಳಿದ್ದರೂ ಇದರಲ್ಲಿ ಮೂವರೇ, ತಿಂಗಳಿಡೀ ಅದೇ ಮೂವರು. ಜೊತೆಗಾರರನ್ನು ಆರಿಸುವಾಗ ತರಗತಿಯ ಅತ್ಯಂತ ಒಳ್ಳೆಯ, ಅತ್ಯಂತ ಜಾಣ ಹುಡುಗಿಯನ್ನೇ ಕೂರಿಸುವ ಅಭ್ಯಾಸ ನಮಗಿದೆ. ನಾನೂ ಹಾಗೇ ಮಾಡಿದೆ. ಮೂರೇ ದಿನದಲ್ಲಿ ಅವಳು ಅವನ ಪೆನ್ಸಿಲು ಚೂಪು ಮಾಡಿಕೊಡುತ್ತಿದ್ದಳು, ಅವನ ಸಂಖ್ಯೆಯನ್ನೂ ತಾನೇ ಬರೆಯುತ್ತಿದ್ದಳು. ಅಮ್ಮನಂತಾಗುವ ಗೆಳತಿ ಗುಂಪು ಕೆಲಸಕ್ಕೆ ಬರುವುದಿಲ್ಲ. ಹೆಚ್ಚು ಮಾತಿಲ್ಲದ, ತನ್ನ ಕೆಲಸ ತಾನು ಮಾಡುವ ಇನ್ನೊಬ್ಬಳನ್ನು ಕೂರಿಸಿದ ಮೇಲೆ ಸರಿಹೋಯಿತು.

ಕೆಲಸವನ್ನು ಹಂಚಿದ್ದು ಹೀಗೆ. ಒಬ್ಬರು ಬಾಟಲಿಯನ್ನು ಅಂಗಳದಿಂದ ಜಗಲಿಗೆ ತಂದು ಸಮನಾದ ಕಟ್ಟೆಯ ಮೇಲಿಡಬೇಕು. ಇನ್ನೊಬ್ಬರು ಕುಕ್ಕರಗಾಲಿನಲ್ಲಿ ಕೂತು ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಅಂಕೆ ಓದಬೇಕು. ಮೂರನೆಯವರು ಬರೆಯಬೇಕು. ಸುಮಂತನಿಗೆ ಅಂಕೆಗಳೆಂದರೆ ಪ್ರಾಣ, ಓದುವ ಕೆಲಸ ಅವನಿಗೇ ಹೋಯಿತು. ಇಷ್ಟಕ್ಕೇ ಬಿಟ್ಟಿದ್ದರೆ ಅದು ಗುಂಪು ಕೆಲಸವಾಗುತ್ತಿರಲಿಲ್ಲ, ಮೂರು ಒಂಟಿ ಕೆಲಸಗಳು ಪಕ್ಕಪಕ್ಕದಲ್ಲಿ ನಡೆಯುತ್ತಿದ್ದವು. ಹಾಗಾಗಿ ಒಂದು ನಿಯಮ ಸೇರಿಸಿದೆ: ಇಬ್ಬರು ಬೇರೆ ಬೇರೆಯಾಗಿ ಓದಬೇಕು, ಇಬ್ಬರ ಅಂಕೆ ಒಂದೇ ಆದರೆ ಮಾತ್ರ ಪುಸ್ತಕಕ್ಕೆ ಏರಬೇಕು, ಬೇರೆಯಾದರೆ ಇಬ್ಬರೂ ಮತ್ತೆ ನೋಡಬೇಕು. ಜುಲೈ ತಿಂಗಳ ಒಂದು ದಿನ ಸುಮಂತ 64 ಎಂದ, ಹುಡುಗಿ 67 ಎಂದಳು. ಅವಳು ನಿಂತುಕೊಂಡೇ ಮೇಲಿನಿಂದ ನೋಡಿದ್ದಳು. ಸುಮಂತ ಅವಳ ಮುಖ ನೋಡಲಿಲ್ಲ, ಬಾಟಲಿಯನ್ನೇ ನೋಡುತ್ತ, ‘ಕೂತ್ಕೊ. ಕೂತ್ಕೊಂಡು ನೋಡು,’ ಎಂದ. ಅವಳು ಕೂತು ನೋಡಿ, ‘ಹೌದು, ಅರವತ್ನಾಲ್ಕು,’ ಎಂದಳು. ಅವನಾಗಿಯೇ ಸಹಪಾಠಿಗೆ ಹೇಳಿದ, ನಾನು ಕೇಳಿದ ಮೊದಲ ಮಾತು ಅದು. ಕಣ್ಣಿಗೆ ಕಣ್ಣಿಟ್ಟು ಮಾತನಾಡು ಎಂದು ನಾನು ಒತ್ತಾಯಿಸಿದ್ದರೆ ಆ ಮಾತು ಬರುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಯಾರ ಸರದಿ ಎಂಬುದು ಬಾಯಿಮಾತಿನಲ್ಲಿ ಇರಬಾರದು. ನಾವು ಒಂದು ದೊಡ್ಡ ಹುಣಸೆ ಬೀಜವನ್ನು ಸರದಿಯ ಗುರುತಾಗಿ ಇಟ್ಟುಕೊಂಡೆವು. ಬೀಜ ಯಾರ ಮುಂದಿದೆಯೋ ಅವರದ್ದು ಕೆಲಸ, ಮುಗಿದ ಮೇಲೆ ಬೀಜ ಮುಂದಕ್ಕೆ ಸರಿಯುತ್ತದೆ. ಇಡೀ ಚಟುವಟಿಕೆಗೆ ಮೊದಲು ಎಂಟು ನಿಮಿಷ, ತಿಂಗಳ ಕೊನೆಗೆ ಹದಿನೈದು. ಎರಡು ವಾರಕ್ಕೊಮ್ಮೆ ಪಾತ್ರ ಬದಲಾಗಬೇಕು, ಇಲ್ಲವಾದರೆ ‘ಓದುವವನು’ ಎಂಬುದು ಅವನ ಹೆಸರೇ ಆಗಿಬಿಡುತ್ತದೆ. ಬದಲಾಗುವ ದಿನವನ್ನು ಎರಡು ದಿನ ಮೊದಲೇ ಪುಸ್ತಕದ ಮೇಲೆ ಬರೆದಿಡಬೇಕು. ಗುಂಪಿನ ಜಾಗ ಜಗಲಿಯ ಮೂಲೆ. ಅಲ್ಲಿ ಮೇಲೆ ಹೆಂಚು ಇದೆ, ತಗಡಿಲ್ಲ, ಬೆನ್ನಿಗೆ ಗೋಡೆಯಿದೆ. ಸಾಕಾಯಿತು ಎನಿಸಿದಾಗ ತೋರಿಸಲು ‘ವಿರಾಮ’ ಎಂದು ಬರೆದ ಒಂದು ಚೀಟಿ ಅವನ ಜೇಬಿನಲ್ಲಿರುತ್ತದೆ. ಅದನ್ನು ತೋರಿಸಿದ ಕೂಡಲೇ ಮೂರು ನಿಮಿಷ ಪುಸ್ತಕದ ಕಪಾಟಿನ ಪಕ್ಕದ ಚಾಪೆಗೆ ಹೋಗಬಹುದು. ಮೊದಲ ವಾರ ದಿನಕ್ಕೆ ನಾಲ್ಕು ಸಲ ತೋರಿಸಿದ. ದುರುಪಯೋಗವೆಂದು ತಡೆಯಬೇಡಿ, ಚೀಟಿ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಅವನು ಪರೀಕ್ಷಿಸುತ್ತಿರುತ್ತಾನೆ.

ಬದಲಾವಣೆಯ ಚೀಟಿ, ಮತ್ತು ನಾನು ಮಾಡಿದ ತಪ್ಪು

ಒಂದು ಸೋಮವಾರ ಸಿಡಿಲು ಗುಡುಗು ಜೋರಾಗಿದ್ದರಿಂದ ಅಂಗಳಕ್ಕೆ ಯಾರೂ ಇಳಿಯಬಾರದೆಂದು ಹೇಳಿ, ಮಳೆ ಅಳೆಯುವುದನ್ನು ಬಿಟ್ಟು ಪಾಠ ಓದಿಸಲು ಶುರುಮಾಡಿದೆ. ಸುಮಂತ ದಾಖಲೆಯ ಪುಸ್ತಕ ಹಿಡಿದು ಬಾಗಿಲಿಗೆ ಹೋದ, ನಾನು ಬಾಗಿಲು ಹಾಕಿದೆ. ಮುಂದಿನ ನಲವತ್ತು ನಿಮಿಷ ಅವನು ಬೆಂಚಿನ ಅಡಿಯಲ್ಲಿದ್ದ. ಅಳೆಯದಿರುವುದು ಅನಿವಾರ್ಯವಾಗಿತ್ತು, ಆದರೆ ಅವನ ದಾರದಲ್ಲಿ ‘ಮಳೆ ಅಳೆಯುವುದು’ ಎಂಬ ಚೀಟಿ ಹಾಗೆಯೇ ತೂಗುತ್ತಿತ್ತು. ನಾನು ಬದಲಾಯಿಸಿದ್ದು ನನ್ನ ತಲೆಯಲ್ಲಿ ಮಾತ್ರ.

ಆಮೇಲೆ ಕೆಂಪು ಅಂಚಿನ ಒಂದು ಚೀಟಿ ಮಾಡಿದೆ, ಅದರಲ್ಲಿ ‘ಬದಲಾವಣೆ’ ಎಂದು ಬರೆದಿತ್ತು. ರದ್ದಾದ ಕೆಲಸದ ಚೀಟಿಯ ಮೇಲೆ ಅದನ್ನು ಸಿಕ್ಕಿಸಿ, ಪಕ್ಕದಲ್ಲಿ ಹೊಸ ಕೆಲಸದ ಚೀಟಿ ಹಾಕಿ, ರದ್ದಾದದ್ದು ಮತ್ತೆ ಎಂದು ಎಂಬುದನ್ನೂ ಬರೆಯಬೇಕು. ಇದನ್ನು ಕಲಿಸುವ ಕ್ರಮ ಮುಖ್ಯ. ಮೊದಲ ನಾಲ್ಕೈದು ಸಲ ಬದಲಾವಣೆ ಅವನಿಗೆ ಹಿಡಿಸುವಂಥದ್ದಾಗಿರಬೇಕು, ನಕಲು ಬರಹದ ಬದಲು ಚಿತ್ರ ಬಿಡಿಸುವುದು ಎನ್ನುವ ಹಾಗೆ. ಆಮೇಲೆ ಇಷ್ಟವೂ ಅಲ್ಲದ ಕಷ್ಟವೂ ಅಲ್ಲದ ಬದಲಾವಣೆ, ಕೊನೆಗೆ ಬೇಸರದ ಬದಲಾವಣೆ. ಮೊದಲ ದಿನವೇ ಕೆಟ್ಟ ಸುದ್ದಿಯೊಂದಿಗೆ ಬಂದರೆ ಕೆಂಪು ಅಂಚು ಕಂಡಾಗಲೆಲ್ಲ ಅವನು ಬೆದರುತ್ತಾನೆ. ಜಿಲ್ಲಾಧಿಕಾರಿಗಳು ರಜೆ ಘೋಷಿಸುವ ಮಳೆಯ ದಿನಗಳಿಗಾಗಿ ಅವನ ತಾಯಿಯ ಬಳಿಯೂ ಇಂಥದೇ ಒಂದು ಚೀಟಿ ಇಟ್ಟೆವು. ‘ಟೀಚರ್, ಮೊದ್ಲೆಲ್ಲ ರಜೆ ಅಂದ್ರೆ ಅಪ್ಪಿ ಬ್ಯಾಗು ಹಾಕ್ಕೊಂಡು ಮಧ್ಯಾಹ್ನದವರೆಗೂ ಬಾಗ್ಲಲ್ಲೇ ನಿಂತಿರ್ತಿದ್ದ,’ ಎಂದು ಅವರು ಹೇಳಿದ್ದು ಆಗಲೇ.

ಕೆಟ್ಟುಹೋದಾಗ

ಎಷ್ಟೇ ಸಿದ್ಧತೆ ಮಾಡಿದರೂ ಕೆಲವು ದಿನ ಮಗು ಕಿರುಚಿ ಒದ್ದಾಡುವುದನ್ನು ತಡೆಯಲಾಗುವುದಿಲ್ಲ. ಹಾಗಾಗುವ ಮುಂಚೆ ಕಾಣುವ ಗುರುತುಗಳು ಪ್ರತಿ ಮಗುವಿಗೂ ಬೇರೆ. ಸುಮಂತ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳತೊಡಗುತ್ತಿದ್ದ, ಶರಟಿನ ತುದಿ ಜಗಿಯುತ್ತಿದ್ದ. ಆ ಹಂತದಲ್ಲಿ ವಿರಾಮದ ಚೀಟಿಯನ್ನು ನಾವೇ ತೋರಿಸಬಹುದು. ಅದು ಮೀರಿದರೆ ಮಾತು ನಿಲ್ಲಿಸಿ, ಉಳಿದ ಮಕ್ಕಳನ್ನು ದೂರ ಕಳಿಸಿ, ಪೆಟ್ಟಾಗುವ ವಸ್ತುಗಳನ್ನು ಸರಿಸಿ, ಹತ್ತಿರದಲ್ಲಿ ಸುಮ್ಮನೆ ಇರಿ. ಅಪಾಯವಿಲ್ಲದಿದ್ದರೆ ಹಿಡಿದೆತ್ತಬೇಡಿ. ಇದು ಹಟವಲ್ಲ. ಹಟಮಾರಿ ಮಗು ನಡುನಡುವೆ ನಿಮ್ಮ ಮುಖ ನೋಡಿ ಅಂದಾಜು ಮಾಡುತ್ತದೆ, ಬೇಡಿದ್ದು ಸಿಕ್ಕರೆ ನಿಲ್ಲಿಸುತ್ತದೆ. ಇಲ್ಲಿ ಮಗು ತನ್ನ ಹಿಡಿತದಲ್ಲೇ ಇರುವುದಿಲ್ಲ, ಬೇಕಾದ್ದು ಕೊಟ್ಟರೂ ಕೂಡಲೇ ನಿಲ್ಲುವುದಿಲ್ಲ. ಶಾಂತವಾದ ಮೇಲೆ ‘ಯಾಕೆ ಹಾಗೆ ಮಾಡಿದೆ’ ಎಂಬ ವಿಚಾರಣೆ ಆ ದಿನ ಬೇಡ. ನೀರು ಕುಡಿಸಿ, ಅವನಿಗೆ ಸುಲಭವಾದ ಒಂದು ಚಿಕ್ಕ ಕೆಲಸದಿಂದ ದಿನವನ್ನು ಮತ್ತೆ ಹಿಡಿಯಿರಿ. ಹೊಂದಿಕೊಂಡಿದ್ದ ಮಗು ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಕೆಟ್ಟರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋವಿದೆಯೇ ಎಂದು ಮನೆಯವರ ಮೂಲಕ ವೈದ್ಯರಿಗೆ ತೋರಿಸಬೇಕು. ನೋವನ್ನು ಹೇಳಲು ಬಾರದ ಮಗು ಅದನ್ನು ನಡವಳಿಕೆಯಲ್ಲಿ ತೋರಿಸುತ್ತದೆ.

ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಉಳಿಸಬೇಕು

ಆರನೇ ವಾರ ಮತ್ತೆ ಐದು ದಿನ ಬರೆದಿಟ್ಟೆ. ಗಂಟೆಯಿಂದ ಹೊಸ ಕೆಲಸದವರೆಗಿನ ಸಮಯ ಹದಿನಾಲ್ಕು ನಿಮಿಷದ ಆಸುಪಾಸಿನಿಂದ ಮೂರು ನಾಲ್ಕಕ್ಕೆ ಇಳಿದಿತ್ತು, ನನ್ನ ಮಾತು ಒಂಬತ್ತರಿಂದ ಒಂದಕ್ಕೋ ಎರಡಕ್ಕೋ ಬಂದಿತ್ತು. ತಗಡಿನ ಮೇಲೆ ಮಳೆ ಜೋರಾಗಿದ್ದ ದಿನಗಳಲ್ಲಿ ಮಾತ್ರ ಹತ್ತು ನಿಮಿಷ ಬೇಕಾಗುತ್ತಿತ್ತು, ಅದು ಕೊನೆಯವರೆಗೂ ಬದಲಾಗಲಿಲ್ಲ. ಸದ್ದಿನ ಕಷ್ಟವನ್ನು ಚೀಟಿ ಪರಿಹರಿಸುವುದಿಲ್ಲ.

ಇಂಥ ಹೊತ್ತಿನಲ್ಲಿ ‘ಈಗ ಚೆನ್ನಾಗಿದ್ದಾನಲ್ಲ, ಪಟ್ಟಿ ತೆಗೆಯೋಣ’ ಎಂಬ ಸಲಹೆ ಯಾರಿಂದಾದರೂ ಬರುತ್ತದೆ. ನೆನೆಯಲಿಲ್ಲವೆಂದು ಮಳೆಯಲ್ಲೇ ಕೊಡೆ ಮಡಚುವ ಕೆಲಸ ಅದು. ಕಡಿಮೆ ಮಾಡಬೇಕಾದದ್ದು ನಮ್ಮ ಸಹಾಯವನ್ನು: ಮೊದಲು ಮಾತು, ಆಮೇಲೆ ಬೆರಳು ತೋರಿಸುವುದು, ಆಮೇಲೆ ಪಕ್ಕದಲ್ಲಿ ನಿಲ್ಲುವುದು. ಪಟ್ಟಿ ಉಳಿಯಬೇಕು, ಬೇಕಾದರೆ ದಾರದ ಚೀಟಿಗಳು ಮುಂದೆ ಜೇಬಿನ ಚಿಕ್ಕ ನೋಟ್‌ಬುಕ್ ಆಗಲಿ. ಗಂಟೆಯಾದಾಗ ಮಗು ಚೀಟಿಯ ಕಡೆ ನೋಡುತ್ತದೆಯೋ ಶಿಕ್ಷಕರ ಮುಖದ ಕಡೆಯೋ ಎಂದು ಗಮನಿಸಿ. ಮುಖದ ಕಡೆ ನೋಡುತ್ತಿದ್ದರೆ ಅದು ಕಲಿತದ್ದು ನಮ್ಮನ್ನು ಕಾಯುವುದನ್ನು, ನೀವು ಒಂದು ಹೆಜ್ಜೆ ಹಿಂದೆ ಸರಿಯಬೇಕು.

ಇಷ್ಟಕ್ಕೂ ಮೂರು ಮಕ್ಕಳ ಗುಂಪು, ಮೊದಲೇ ಕಳಿಸುವುದು, ವಿರಾಮದ ಚೀಟಿ ಮುಂತಾದವನ್ನು ಯಾರಾದರೂ ವಿಶೇಷ ರಿಯಾಯಿತಿ ಎಂದರೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಪಟ್ಟಿಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ ಮತ್ತು ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಒದಗಿಸುವುದು ಶಾಲೆಯ ಕರ್ತವ್ಯ ಎಂದು ಹೇಳಬಹುದು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕರೆದಾಗ ‘ಮಗು ಹಟ ಮಾಡುತ್ತೆ’ ಎನ್ನುವುದಕ್ಕಿಂತ ನೋಟ್‌ಬುಕ್ಕಿನ ಎರಡು ವಾರದ ಸಾಲುಗಳನ್ನು ಮುಂದಿಟ್ಟರೆ ಅವರಿಗೂ ಸಲಹೆ ಕೊಡಲು ಹಿಡಿ ಸಿಗುತ್ತದೆ.

ಮಾರ್ಚ್ ತಿಂಗಳಲ್ಲಿ ದೊಡ್ಡದೊಂದು ದಾಟುವಿಕೆ ಉಳಿದಿತ್ತು, ಐದನೇ ತರಗತಿ ಮತ್ತು ಹೊಸ ಶಿಕ್ಷಕರು. ಕೊನೆಯ ಮೂರು ವಾರ ಸುಮಂತ ದಿನಕ್ಕೊಮ್ಮೆ ಐದನೇ ತರಗತಿಯ ಕೋಣೆಗೆ ಹಾಜರಿ ಪುಸ್ತಕ ಒಯ್ದು ಕೊಟ್ಟು ಬರುತ್ತಿದ್ದ, ಅಲ್ಲಿ ತನ್ನ ಬೆಂಚು ಯಾವುದೆಂದು ನೋಡಿ ಬಂದಿದ್ದ. ಮುಂದಿನ ಶಿಕ್ಷಕರಿಗೆ ನಾನು ಬರೆದುಕೊಟ್ಟದ್ದು ಒಂದೇ ಪುಟ: ಒಂದೇ ವಾಕ್ಯದಲ್ಲಿ ಹೇಳಿ ಹತ್ತು ಎಣಿಸಿ, ‘ಉಳಿದದ್ದು’ ಫೈಲನ್ನು ಮರೆಯಬೇಡಿ, ಶರಟು ಜಗಿಯತೊಡಗಿದರೆ ಚಾಪೆ ತೋರಿಸಿ, ತಗಡಿನ ಕೋಣೆ ಬೇಡ, ಶನಿವಾರದ ಚೀಟಿಗಳು ಹಳದಿ. ಅದರ ಜೊತೆಗೆ ಕ್ಲಿಪ್ಪುಗಳ ದಾರವನ್ನೂ ಮಳೆ ದಾಖಲೆಯ ಪುಸ್ತಕವನ್ನೂ ಕೊಟ್ಟೆ, ಪುಸ್ತಕದ ಖಾಲಿ ಪುಟಗಳಲ್ಲಿ ಮುಂದಿನ ಜೂನ್ ತಿಂಗಳ ತಾರೀಖುಗಳನ್ನು ಅವನು ಆಗಲೇ ಬರೆದಿಟ್ಟಿದ್ದ.